ಹಬ್ಬಕ್ಕೆ ಹೂವಿನ ರೇಟು ಏರಿದಾಗ ಗ್ರಾಫ್‌ನಲ್ಲಿ ಏನಾಗುತ್ತದೆ?

[ಪರದೆಯಲ್ಲಿ: ಬೆಂಗಳೂರಿನ ಕೆ.ಆರ್. ಮಾರ್ಕೆಟ್, ಹಳದಿ ಸೇವಂತಿಗೆಯ ರಾಶಿ]

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕೆ.ಆರ್. ಮಾರ್ಕೆಟ್‌ನಲ್ಲಿ ಸೇವಂತಿಗೆ ಕೇಳಿದರೆ ಹಿಂದಿನ ವಾರದ ರೇಟು ಯಾರೂ ಹೇಳುವುದಿಲ್ಲ. ಹಬ್ಬ ಬಂತು, ಬೇಡಿಕೆ ಏರಿತು, ರೇಟೂ ಏರಿತು. ಇಷ್ಟು ಹೇಳೋಕೆ ಅರ್ಥಶಾಸ್ತ್ರ ಓದಬೇಕಾಗಿಲ್ಲ.

ಆದರೆ ಎಷ್ಟು ಏರುತ್ತದೆ? ಬೇಡಿಕೆ ಏರಿದಷ್ಟೂ ಹೂವು ಜಾಸ್ತಿ ಮಾರಾಟವಾಗುತ್ತದಾ? ರೇಟು ಏರಿದ ಮೇಲೆ ಜನ ಕೊಳ್ಳೋದು ಕಡಿಮೆ ಮಾಡುತ್ತಾರೆ, ಹಾಗಾದರೆ ರೇಟು ಮತ್ತೆ ಇಳಿಯಬೇಕಲ್ವಾ? ಇಂಥ ಪ್ರಶ್ನೆ ಬಂದಾಗ ಬಾಯಿಮಾತಿನಲ್ಲಿ ಹೇಳಹೊರಟರೆ ಸುತ್ತಿಕೊಂಡುಬಿಡುತ್ತೇವೆ. ಗ್ರಾಫ್ ಬೇಕಾಗುವುದು ಆಗ.

[ಪರದೆಯಲ್ಲಿ: ಖಾಲಿ ಗ್ರಾಫ್. ಲಂಬ ಅಕ್ಷದಲ್ಲಿ ಬೆಲೆ, ಕೆಜಿಗೆ ರೂಪಾಯಿ. ಅಡ್ಡ ಅಕ್ಷದಲ್ಲಿ ಪ್ರಮಾಣ, ದಿನಕ್ಕೆ ಕ್ವಿಂಟಾಲ್]

ಮೇಲಕ್ಕೆ ಹೋಗುವ ಅಕ್ಷ ಬೆಲೆ. ಅಡ್ಡ ಅಕ್ಷ ಪ್ರಮಾಣ. ಗಣಿತ ಓದಿದವರಿಗೆ ಇದು ತಲೆಕೆಳಗಾಗಿ ಕಾಣಬಹುದು. ಬೆಲೆ ನೋಡಿ ತಾನೇ ಜನ ಎಷ್ಟು ಕೊಳ್ಳಬೇಕು ಅಂತ ತೀರ್ಮಾನ ಮಾಡೋದು? ಹಾಗಿದ್ದರೆ ಬೆಲೆ ಅಡ್ಡಕ್ಕೆ ಇರಬೇಕಿತ್ತು. ಆದರೆ 19ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ ಹೀಗೆ ಬರೆದರು, ಆಮೇಲೆ ಎಲ್ಲರೂ ಹಾಗೇ ಬರೆಯುತ್ತಾ ಬಂದರು. ನಾವೂ ಹಾಗೇ ಇಟ್ಟುಕೊಳ್ಳೋಣ.

ಈಗ ಮಾಮೂಲಿ ವಾರದ ಒಂದು ದಿನ ತೆಗೆದುಕೊಳ್ಳೋಣ. ಮುಂದೆ ಬರುವ ಅಂಕಿಗಳೆಲ್ಲ ಲೆಕ್ಕ ಸುಲಭವಾಗಲಿ ಅಂತ ನಾನು ಇಟ್ಟುಕೊಂಡವು. ಮಾರ್ಕೆಟ್ ರೇಟು ಅಂತ ಯಾರೂ ತಿಳಿಯಬೇಡಿ.

[ಪರದೆಯಲ್ಲಿ: ಇಳಿಯುವ ಗೆರೆ D1, ಏರುವ ಗೆರೆ S, ಸೇರುವ ಜಾಗ E1]

```
D1: Q = 220 - P
S:  Q = 20 + P
```

P ಅಂದರೆ ಬೆಲೆ, Q ಅಂದರೆ ಪ್ರಮಾಣ. ಎಡದಿಂದ ಬಲಕ್ಕೆ ಇಳಿಯುವುದು ಬೇಡಿಕೆ ರೇಖೆ, ಏರುವುದು ಪೂರೈಕೆ ರೇಖೆ. ಬೆಲೆ 100 ರೂಪಾಯಿ ಇದ್ದಾಗ ಜನ ಕೊಳ್ಳಲು ತಯಾರಿರುವುದು 120 ಕ್ವಿಂಟಾಲ್, ಮಾರಾಟಕ್ಕೆ ಬರುವುದೂ 120 ಕ್ವಿಂಟಾಲ್. ಎರಡೂ ಗೆರೆ ಸೇರುವ ಈ ಜಾಗ E1, ಅಂದರೆ ಸಮತೋಲನ. ತಂದವರ ಹೂವು ಉಳಿಯಲಿಲ್ಲ, ಆ ರೇಟಿಗೆ ಕೊಳ್ಳಲು ಬಂದವರು ಬರಿಗೈಯಲ್ಲಿ ಹೋಗಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಬೇಡಿಕೆ ರೇಖೆ ಅಂದರೆ ಏನು? ಅದು ನಡೆದುಹೋದ ಮಾರಾಟದ ದಾಖಲೆ ಅಲ್ಲ. ಅದು ‘ಒಂದು ವೇಳೆ’ಗಳ ಪಟ್ಟಿ. ರೇಟು 60 ಇದ್ದಿದ್ದರೆ 160 ಕ್ವಿಂಟಾಲ್ ಕೊಳ್ಳುತ್ತಿದ್ದರು. 140 ಇದ್ದಿದ್ದರೆ 80 ಕ್ವಿಂಟಾಲ್. ಇಂಥ ನೂರಾರು ಚುಕ್ಕೆ ಸೇರಿಸಿದರೆ ಒಂದು ಗೆರೆ. ಅವುಗಳಲ್ಲಿ ಆ ದಿನ ನಿಜವಾಗಿ ನಡೆಯುವುದು ಒಂದೇ ಚುಕ್ಕೆ.

ಹಾಗಾಗಿ ಸೇವಂತಿಗೆಯ ರೇಟು ಬದಲಾದರೆ ಬೇಡಿಕೆ ರೇಖೆ ಜರುಗುವುದಿಲ್ಲ. ಆ ರೇಟಿಗೆ ಎಷ್ಟು ಅನ್ನುವುದು ಗೆರೆಯೊಳಗೆ ಮೊದಲೇ ಬರೆದಾಗಿದೆ. ನಾವು ಅದೇ ಗೆರೆಯ ಮೇಲೆ ಒಂದು ಚುಕ್ಕೆಯಿಂದ ಇನ್ನೊಂದಕ್ಕೆ ಹೋಗುತ್ತೇವೆ, ಅಷ್ಟೇ. ಗೆರೆ ಪೂರ್ತಿ ಜರುಗಬೇಕಾದರೆ ಸೇವಂತಿಗೆಯ ರೇಟು ಬಿಟ್ಟು ಬೇರೇನಾದರೂ ಬದಲಾಗಬೇಕು. ಹಬ್ಬ ಬರಬೇಕು, ಮದುವೆ ಮುಹೂರ್ತಗಳು ಸಾಲಾಗಿ ಬರಬೇಕು, ಜನರ ಸಂಪಾದನೆ ಬದಲಾಗಬೇಕು, ಅಥವಾ ಕನಕಾಂಬರ, ಮಲ್ಲಿಗೆ ತೀರಾ ದುಬಾರಿಯಾಗಿ ಜನ ಸೇವಂತಿಗೆಗೆ ತಿರುಗಬೇಕು.

[ಪರದೆಯಲ್ಲಿ: D1 ಗೆರೆ ಬಲಕ್ಕೆ ಜರುಗಿ D2 ಆಗುತ್ತದೆ. ಹಳೆ ಗೆರೆ ಮಸುಕಾಗಿ ಉಳಿಯುತ್ತದೆ]

```
D2: Q = 300 - P
```

ಹಬ್ಬ ಬಂತು. ಕಲಶಕ್ಕೆ ಹೂವು, ಬಾಗಿಲಿಗೆ ಹೂವು, ಮುತ್ತೈದೆಯರಿಗೆ ಕೊಡಲು ಹೂವು. ಈಗ ಯಾವ ರೇಟು ಹೇಳಿದರೂ ಜನ ಮೊದಲಿಗಿಂತ 80 ಕ್ವಿಂಟಾಲ್ ಜಾಸ್ತಿ ಕೇಳುತ್ತಾರೆ. ಗೆರೆ ಬಲಕ್ಕೆ 80ರಷ್ಟು ಜರುಗಿತು.

ಹೊಸ ಸಮತೋಲನಕ್ಕೆ ಓಡುವ ಮುಂಚೆ ಹಳೆ ರೇಟಿನಲ್ಲೇ ನಿಂತು ನೋಡಿ. 100 ರೂಪಾಯಿಯಲ್ಲಿ ಅಡ್ಡ ಗೆರೆ ಎಳೆಯಿರಿ. ಅದು ಪೂರೈಕೆ ರೇಖೆಯನ್ನು ಮುಟ್ಟುವುದು 120ರಲ್ಲಿ. ಹೊಸ ಬೇಡಿಕೆ ರೇಖೆಯನ್ನು ಮುಟ್ಟುವುದು 200ರಲ್ಲಿ. ನಡುವಿನ 80 ಕ್ವಿಂಟಾಲ್ ಕೊರತೆ. ಪಠ್ಯಪುಸ್ತಕದಲ್ಲಿ ಇದನ್ನೇ ಅಧಿಕ ಬೇಡಿಕೆ ಅನ್ನುವುದು.

ಮಾರ್ಕೆಟ್‌ನಲ್ಲಿ ಇದು ಹೇಗೆ ಕಾಣುತ್ತದೆ? ಬೆಳಗಾಗುವ ಮುಂಚೆಯೇ ಮಂಡಿಯ ಮುಂದೆ ಜನ ಮುಗಿಬೀಳುತ್ತಾರೆ. ಒಂದು ಮೂಟೆಗೆ ಇಬ್ಬರು ಕೈ ಹಾಕುತ್ತಾರೆ. ಒಬ್ಬರು 110 ಅಂದರೆ ಪಕ್ಕದವರು 115 ಅನ್ನುತ್ತಾರೆ. ಚೌಕಾಸಿ ಮಾಡುತ್ತಾ ನಿಂತವರಿಗೆ ಹೂವು ಸಿಗುವುದಿಲ್ಲ. ಹೀಗೆ ರೇಟು ಮೇಲೇರುತ್ತದೆ.

ಏರುವಾಗ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಒಂದು ಕಡೆ ಕೊಳ್ಳುವವರು ಹಿಂದೆ ಸರಿಯುತ್ತಾರೆ. ನಾಲ್ಕು ಮಾರು ತೆಗೆದುಕೊಳ್ಳಬೇಕು ಅಂತ ಬಂದವರು ಎರಡು ಮಾರು ಸಾಕು ಅನ್ನುತ್ತಾರೆ. ಇದು ಹೊಸ ಬೇಡಿಕೆ ರೇಖೆಯ ಮೇಲೆ ಎಡಕ್ಕೆ ಹತ್ತುವುದು, 200ರಿಂದ 160ಕ್ಕೆ. ಇನ್ನೊಂದು ಕಡೆ ಮಾರುವವರು ಮುಂದೆ ಬರುತ್ತಾರೆ. ಒಳ್ಳೆ ರೇಟು ಇದೆ ಅಂತ ಗೊತ್ತಾದರೆ ಬೇರೆ ಊರಿಗೆ ಹೋಗಬೇಕಿದ್ದ ಗಾಡಿ ಬೆಂಗಳೂರಿಗೆ ತಿರುಗುತ್ತದೆ, ಕೂಲಿಯವರನ್ನು ಇನ್ನಷ್ಟು ಕರೆದು ಹೂವು ಬಿಡಿಸುತ್ತಾರೆ. ಇದು ಅದೇ ಹಳೆ ಪೂರೈಕೆ ರೇಖೆಯ ಮೇಲೆ ಬಲಕ್ಕೆ ಹತ್ತುವುದು, 120ರಿಂದ 160ಕ್ಕೆ. ಎರಡೂ 140 ರೂಪಾಯಿಯಲ್ಲಿ ಸೇರುತ್ತವೆ.

[ಪರದೆಯಲ್ಲಿ: E2, ಬೆಲೆ 140, ಪ್ರಮಾಣ 160]

```
300 - P = 20 + P
P = 140, Q = 160
```

ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಅಂಕ ಹೋಗುವುದು ಇಲ್ಲೇ. ‘ಬೆಲೆ ಏರಿದ್ದರಿಂದ ಪೂರೈಕೆ ಹೆಚ್ಚಾಯಿತು’ ಅಂತ ಬರೆದು ಪೂರೈಕೆ ರೇಖೆಯನ್ನೂ ಬಲಕ್ಕೆ ಜರುಗಿಸಿಬಿಡುತ್ತಾರೆ. ತಪ್ಪು. ಪೂರೈಕೆ ರೇಖೆ ಕದಲಿಲ್ಲ. ಅದರ ಮೇಲೆ ನಾವು E1ರಿಂದ E2ಕ್ಕೆ ಹತ್ತಿದೆವು. ಹಾಗಾಗಿ ‘ಪೂರೈಕೆಯಾದ ಪ್ರಮಾಣ ಹೆಚ್ಚಾಯಿತು’ ಅಂತ ಬರೆಯಿರಿ.

ಇನ್ನೊಂದು ವಿಷಯ. ಗೆರೆ ಜರುಗಿದ್ದು 80, ಆದರೆ ಮಾರಾಟ ಜಾಸ್ತಿಯಾದದ್ದು 40 ಮಾತ್ರ. ಉಳಿದ 40ನ್ನು ರೇಟೇ ತಡೆದುಬಿಟ್ಟಿತು. ಹೊಸ ಪ್ರಮಾಣ ಓದುವಾಗ ಹಳೆ ಬೆಲೆಯ ನೇರದಲ್ಲಿರುವ 200 ಓದಬೇಡಿ. E2ರಿಂದ ನೇರ ಕೆಳಗೆ ಇಳಿದು ಓದಿ.

ಆಗ ಕೇಳಿದ ಪ್ರಶ್ನೆಗೂ ಉತ್ತರ ಸಿಕ್ಕಿತು. ರೇಟು ಏರಿ ಜನ ಕಡಿಮೆ ಕೊಂಡರೆ ರೇಟು ಮತ್ತೆ 100ಕ್ಕೆ ಇಳಿಯುತ್ತದಾ? ಇಲ್ಲ. ಜನ ಕಡಿಮೆ ಕೊಂಡದ್ದನ್ನು ಲೆಕ್ಕ ಹಾಕಿದ ಮೇಲೆಯೇ 140 ಬಂದಿರುವುದು. ಆ ರೇಟಿನಲ್ಲಿ 160 ಕೇಳುತ್ತಿದ್ದಾರೆ, 160 ಬರುತ್ತಿದೆ. ಹೂವು ಉಳಿಯುತ್ತಿಲ್ಲ. ಉಳಿಯದಿದ್ದರೆ ಯಾರು ರೇಟು ಇಳಿಸುತ್ತಾರೆ ಹೇಳಿ?

[ಪರದೆಯಲ್ಲಿ: ಪೂರೈಕೆ ರೇಖೆ 120ರಲ್ಲಿ ನೆಟ್ಟಗೆ ನಿಲ್ಲುತ್ತದೆ]

ಇಲ್ಲಿವರೆಗೆ ಪೂರೈಕೆಗೆ ಹಿಗ್ಗಲು ಜಾಗ ಇತ್ತು ಅಂದುಕೊಂಡೆವು. ಹಬ್ಬದ ದಿನ ಬೆಳಿಗ್ಗೆ ಹಾಗಿರುವುದಿಲ್ಲ. ಬಂದ ಗಾಡಿ ಬಂತು, ಇನ್ನು ರೇಟು ಎಷ್ಟೇ ಆಗಲಿ, ಗಿಡದಲ್ಲಿರುವ ಮೊಗ್ಗು ಒಂದು ಗಂಟೆಯಲ್ಲಿ ಅರಳಿ ಮಾರ್ಕೆಟ್‌ಗೆ ಬರುವುದಿಲ್ಲ. ಆ ಹೊತ್ತಿನಲ್ಲಿ ಪೂರೈಕೆ ರೇಖೆ 120ರಲ್ಲಿ ನೆಟ್ಟಗೆ ನಿಂತಿರುತ್ತದೆ. ಅದೇ D2 ಗೆರೆಯನ್ನು ಇದಕ್ಕೆ ಸೇರಿಸಿ: 300ರಲ್ಲಿ 120 ಕಳೆದರೆ 180. ರೇಟು 180 ರೂಪಾಯಿ, ಮಾರಾಟ ಮಾತ್ರ ಮೊದಲಿನಷ್ಟೇ 120. ಬೇಡಿಕೆ ಜರುಗಿದ್ದು ಎರಡೂ ಸಲ ಅಷ್ಟೇ. ಒಂದು ಸಲ ರೇಟು 40 ಏರಿತು, ಇನ್ನೊಂದು ಸಲ 80 ಏರಿತು. ವ್ಯತ್ಯಾಸ ಪೂರ್ತಿ ಪೂರೈಕೆ ರೇಖೆಯ ಇಳಿಜಾರಿನಲ್ಲಿದೆ. ಗೆರೆ ಎಷ್ಟು ಕಡಿದಾಗಿದ್ದರೆ ರೇಟಿನ ಏಟು ಅಷ್ಟು ಜಾಸ್ತಿ.

ಎಡಕ್ಕೆ ಜರುಗಿದರೆ ಇದೆಲ್ಲ ಉಲ್ಟಾ. ಆಷಾಢದಲ್ಲಿ ಮದುವೆಗಳಿಲ್ಲ, ಬೇಡಿಕೆ ರೇಖೆ ಎಡಕ್ಕೆ ಬರುತ್ತದೆ, ಬೆಲೆ ಮತ್ತು ಪ್ರಮಾಣ ಎರಡೂ ಇಳಿಯುತ್ತವೆ. ರೇಟು ಹೂವು ಬಿಡಿಸುವ ಕೂಲಿಗೂ ಸಾಲದಷ್ಟು ಬಿದ್ದರೆ ರೈತರು ಹೂವನ್ನು ಗಿಡದಲ್ಲೇ ಬಿಡುತ್ತಾರೆ. ಪೂರೈಕೆ ರೇಖೆಯ ಕೆಳತುದಿ ಅಂದರೆ ಇದೇ.

[ಪರದೆಯಲ್ಲಿ: ಎರಡು ಗ್ರಾಫ್ ಅಕ್ಕಪಕ್ಕ. ಎಡಗಡೆ ಹೂವು, ಬಲಗಡೆ ಟೊಮೇಟೊ]

ಈಗ ನಿಜವಾದ ಸುದ್ದಿಯನ್ನು ಓದೋಣ. 2023ರ ಜುಲೈನಲ್ಲಿ ಟೊಮೇಟೊ ಕೆಜಿಗೆ 100 ರೂಪಾಯಿ ದಾಟಿದ್ದು ನೆನಪಿದೆಯಾ? ಅಲ್ಲೂ ರೇಟು ಏರಿತು. ಆದರೆ ಜನರಿಗೆ ಇದ್ದಕ್ಕಿದ್ದಂತೆ ಟೊಮೇಟೊ ಮೇಲೆ ಪ್ರೀತಿ ಉಕ್ಕಿರಲಿಲ್ಲ. ಬಿಸಿಲು, ಮಳೆ, ರೋಗದಿಂದ ಬೆಳೆ ಹಾಳಾಗಿ ಆವಕ ಕುಸಿದಿತ್ತು. ಪೂರೈಕೆ ರೇಖೆ ಎಡಕ್ಕೆ ಜರುಗಿತ್ತು.

ಬರೀ ರೇಟು ನೋಡಿದರೆ ಹೂವಿನ ಕಥೆಗೂ ಟೊಮೇಟೊ ಕಥೆಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಪ್ರಮಾಣ ನೋಡಬೇಕು. ರೇಟು ಏರಿ ಮಾರಾಟವೂ ಏರಿದ್ದರೆ ಬೇಡಿಕೆ ಬಲಕ್ಕೆ ಹೋಗಿದೆ. ರೇಟು ಏರಿ ಮಾರಾಟ ಇಳಿದಿದ್ದರೆ ಪೂರೈಕೆ ಎಡಕ್ಕೆ ಬಂದಿದೆ. ಎಪಿಎಂಸಿ ವರದಿಯಲ್ಲಿ ರೇಟಿನ ಜೊತೆ ಆವಕವನ್ನೂ ಕೊಡುತ್ತಾರಲ್ಲ, ಆ ಸಾಲನ್ನು ಬಿಡದೆ ಓದಿ.

[ಪರದೆಯಲ್ಲಿ: D2 ಜೊತೆ ಪೂರೈಕೆ ರೇಖೆಯೂ ಬಲಕ್ಕೆ ಜರುಗಿ S2 ಆಗುತ್ತದೆ]

ಇದಕ್ಕೂ ಒಂದು ಮಿತಿ ಇದೆ. ಹಬ್ಬ ಯಾವಾಗ ಅಂತ ರೈತರಿಗೆ ಪಂಚಾಂಗ ನೋಡಿದರೆ ಗೊತ್ತಾಗುತ್ತದೆ. ತಿಂಗಳುಗಟ್ಟಲೆ ಮುಂಚೆಯೇ ಲೆಕ್ಕ ಹಾಕಿ ಸಸಿ ನಾಟಿ ಮಾಡುತ್ತಾರೆ. ಸೇವಂತಿಗೆ ಮೊಗ್ಗು ಕಟ್ಟುವುದಕ್ಕೆ ಉದ್ದನೆಯ ರಾತ್ರಿ ಬೇಕು. ಅದಕ್ಕೇ ಕೆಲವು ಕಡೆ ತೋಟದಲ್ಲಿ ರಾತ್ರಿ ಬಲ್ಬು ಉರಿಸಿ, ಹೂವು ಬಿಡುವುದನ್ನು ಬೇಕಾದಷ್ಟು ದಿನ ತಡೆಯುತ್ತಾರೆ. ಹೀಗೆ ತಯಾರಾಗಿ ಎಲ್ಲರೂ ಒಟ್ಟಿಗೆ ಹೂವು ತಂದರೆ? ಇದು ರೇಟು ಏರಿದ ಮೇಲೆ ತಂದ ಹೂವಲ್ಲ. ಅದೇ 100 ರೂಪಾಯಿಗೂ ಮೊದಲಿಗಿಂತ ಜಾಸ್ತಿ ಹೂವಿದೆ. ಈ ಸಲ ಪೂರೈಕೆ ರೇಖೆಯೇ ಜರುಗಿದೆ. ಅದೂ 80 ಕ್ವಿಂಟಾಲ್ ಅಂತ ಇಟ್ಟುಕೊಳ್ಳಿ.

```
S2: Q = 100 + P
300 - P = 100 + P
P = 100, Q = 200
```

ರೇಟು 100ರಲ್ಲೇ ಇದೆ, ಮಾರಾಟ 200. ಇಂಥ ವರ್ಷ ‘ಈ ಸಲ ಹಬ್ಬಕ್ಕೆ ಹೂವಿಗೆ ಬೇಡಿಕೆಯೇ ಇಲ್ಲ’ ಅಂತ ಮಾತು ಕೇಳಿಬರುತ್ತದೆ, ರೇಟು ಕದಲಲಿಲ್ಲವಲ್ಲ ಅಂತ. ಬೇಡಿಕೆ ಪೂರ್ತಿ 80 ಕ್ವಿಂಟಾಲ್ ಜರುಗಿದೆ, ಪೂರೈಕೆ ಅಷ್ಟೇ ಜರುಗಿ ಅದನ್ನು ಮುಚ್ಚಿಹಾಕಿದೆ. ಪೂರೈಕೆ 100 ಜರುಗಿದ್ದರೆ ರೇಟು ಹಬ್ಬದ ದಿನವೇ 90ಕ್ಕೆ ಇಳಿದಿರುತ್ತಿತ್ತು. 60 ಮಾತ್ರ ಜರುಗಿದ್ದರೆ 110 ಆಗುತ್ತಿತ್ತು. ಎರಡೂ ಗೆರೆ ಬಲಕ್ಕೆ ಹೋದಾಗ ಪ್ರಮಾಣ ಏರುವುದು ಖಚಿತ. ಬೆಲೆ ಯಾವ ಕಡೆ ಹೋಗುತ್ತದೆ ಅನ್ನುವುದು ಯಾವ ಗೆರೆ ಜಾಸ್ತಿ ಜರುಗಿತು ಅಂತ ಗೊತ್ತಾಗುವವರೆಗೆ ಹೇಳಲಾಗದು. ಪ್ರಶ್ನೆಪತ್ರಿಕೆಯಲ್ಲಿ ಅಂಕಿ ಕೊಡದೆ ಎರಡೂ ಗೆರೆ ಜರುಗಿಸಿ ‘ಬೆಲೆ ಏನಾಗುತ್ತದೆ?’ ಅಂತ ಕೇಳಿದ್ದರೆ, ‘ಏರಬಹುದು, ಇಳಿಯಬಹುದು, ಹಾಗೇ ಇರಬಹುದು’ ಅನ್ನುವುದೇ ಪೂರ್ತಿ ಅಂಕದ ಉತ್ತರ.