ಹೆಚ್ಚು ಗಳಿಸಿದ ಫಂಡಿನ ಶಾರ್ಪ್ ಅನುಪಾತ ಇಳಿದದ್ದೇಕೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿಯಲ್ಲಿ ಕುಳಿತು ಮ್ಯೂಚುವಲ್ ಫಂಡುಗಳ ಲೆಕ್ಕ ನೋಡುವುದು ನನ್ನ ಉದ್ಯೋಗ. ನನ್ನಲ್ಲಿ ಸಲಹೆ ಪಡೆಯುವ ಬ್ಯಾಡಗಿಯ ಮೆಣಸಿನಕಾಯಿ ವರ್ತಕರೊಬ್ಬರಿಗೆ, ಅವರು 10 ಲಕ್ಷ ರೂಪಾಯಿ ತೊಡಗಿಸಿದ್ದ ಷೇರು ಫಂಡಿನ ಬಗ್ಗೆ ಒಂದು ಟಿಪ್ಪಣಿ ಕಳಿಸಿದ್ದೆ. ಫಂಡಿನ ಗಳಿಕೆ ಶೇಕಡಾ 14ರಿಂದ 18ಕ್ಕೆ ಏರಿದೆ, ಆದರೆ ಅದರ ಶಾರ್ಪ್ ಅನುಪಾತ 1ರಿಂದ 0.55ಕ್ಕೆ ಇಳಿದಿದೆ ಎಂದು ಅದರಲ್ಲಿ ಬರೆದಿದ್ದೆ. ಓದಿದ ಕೂಡಲೇ ಅವರು ಫೋನ್ ಮಾಡಿದರು. “ಸರ್, ರೊಕ್ಕ ಹೋದ ವರ್ಷಕ್ಕಿಂತ ಜಾಸ್ತಿ ಬಂದೈತಿ. ಆದ್ರೂ ಫಂಡ್ ಹಿಂದ ಬಿದ್ದೈತಿ ಅಂತ ಬರದೀರಿ. ಇದು ಹೆಂಗರಿ?” ಎಂದು ಕೇಳಿದರು. ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರವನ್ನೇ ಈ ಹೊತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ. ಕಿವಿಯಲ್ಲಿ ಕೇಳಿ ನೆನಪಿಡಲು ಅನುಕೂಲವಾಗಲೆಂದು ಅಂಕಿಗಳನ್ನು ದುಂಡಾಗಿಸಿದ್ದೇನೆ.

ಮೊದಲು ನಾನು ಅವರಿಗೆ ಅವರದೇ ಪೇಟೆಯ ಹಮಾಲಿ ಲೆಕ್ಕವನ್ನು ನೆನಪಿಸಿದೆ. ಒಬ್ಬ ಹಮಾಲ ಒಂದು ದಿನ 100 ಚೀಲ ಹೊತ್ತು 1,000 ರೂಪಾಯಿ ಪಡೆದ. ಇನ್ನೊಂದು ದಿನ 200 ಚೀಲ ಹೊತ್ತು 1,100 ರೂಪಾಯಿ ಪಡೆದ. ಕೈಗೆ ಬಂದ ಹಣ ಹೆಚ್ಚಾಯಿತು, ಆದರೆ ಚೀಲಕ್ಕೆ 10 ರೂಪಾಯಿ ಇದ್ದ ಕೂಲಿ ಐದೂವರೆ ರೂಪಾಯಿಗೆ ಇಳಿಯಿತು. ಶಾರ್ಪ್ ಅನುಪಾತವೂ ಹೀಗೆಯೇ ಚೀಲಕ್ಕೆ ಬಿದ್ದ ಕೂಲಿಯನ್ನು ಹೇಳುತ್ತದೆ. ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ಶಾರ್ಪ್ 1966ರಲ್ಲಿ ಮುಂದಿಟ್ಟ ಈ ಅಳತೆಯಲ್ಲಿ ಹೊರೆ ಎಂದರೆ ಫಂಡಿನ ಏರಿಳಿತ. ಕೂಲಿ ಎಂದರೆ ಯಾವ ಅಪಾಯವನ್ನೂ ಹೊರದೆ ಸಿಗುತ್ತಿದ್ದ ಬಡ್ಡಿಯನ್ನು ಕಳೆದ ಮೇಲೆ ಉಳಿಯುವ ಗಳಿಕೆ.

ಈ ಕಳೆಯುವ ಕೆಲಸವನ್ನು ಬಹಳ ಮಂದಿ ಮರೆಯುತ್ತಾರೆ. ಸರ್ಕಾರದ ಖಜಾನೆ ಹುಂಡಿಯಲ್ಲಿ, ಅಂದರೆ ಟ್ರೆಜರಿ ಬಿಲ್‌ನಲ್ಲಿ, ಹಣ ಇಟ್ಟರೆ ಮೊದಲ ವರ್ಷ ಸುಮಾರು ಶೇಕಡಾ 4 ಸಿಗುತ್ತಿತ್ತು. ಫಂಡು 14 ಕೊಟ್ಟಿದ್ದರಿಂದ ಅಪಾಯ ಹೊತ್ತದ್ದಕ್ಕೆ ಬಂದ ಕೂಲಿ 10. ಆಮೇಲೆ ರಿಸರ್ವ್ ಬ್ಯಾಂಕ್ ಬಡ್ಡಿ ಏರಿಸಿತು. 2022ರ ಮೇ ತಿಂಗಳಿಗೆ ಮೊದಲು ಶೇಕಡಾ 4 ಇದ್ದ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ, 2023ರ ಫೆಬ್ರುವರಿಯಲ್ಲಿ 6.5 ತಲುಪಿತು, ಖಜಾನೆ ಹುಂಡಿಯ ಬಡ್ಡಿಯೂ ಅದರ ಬೆನ್ನಿಗೆ 7ರ ಆಸುಪಾಸಿಗೆ ಬಂತು. ಹೀಗಾಗಿ ನಂತರದ ಅವಧಿಯ 18ರಲ್ಲಿ 7 ಕಳೆದರೆ ಉಳಿಯುವುದು 11 ಮಾತ್ರ. ವರ್ತಕರ ಕಣ್ಣಿಗೆ ಕಂಡ 4 ಅಂಶಗಳ ಏರಿಕೆಯಲ್ಲಿ 3 ಅಂಶ ಏನೂ ಮಾಡದೆ ಸುಮ್ಮನೆ ಕುಳಿತವರಿಗೂ ಸಿಗುತ್ತಿತ್ತು. ಫಂಡಿನ ವ್ಯವಸ್ಥಾಪಕರು ನಿಜವಾಗಿ ಸೇರಿಸಿದ್ದು 1 ಅಂಶ.

ಹೊರೆ ಮಾತ್ರ ಇಮ್ಮಡಿಯಾಗಿತ್ತು. ಏರಿಳಿತವನ್ನು ಅಳೆಯುವ ಕ್ರಮ ಹೀಗಿದೆ: 12 ತಿಂಗಳ ಗಳಿಕೆಯನ್ನು ಬೇರೆಬೇರೆ ಬರೆದುಕೊಂಡು, ಪ್ರತಿ ತಿಂಗಳ ಅಂಕಿ ಸರಾಸರಿಯಿಂದ ಎಷ್ಟು ಸರಿದಿದೆ ಎಂಬುದರಿಂದ ಮಾನಕ ವಿಚಲನೆಯನ್ನು ತೆಗೆಯುತ್ತೇವೆ, ಅದನ್ನು 12ರ ವರ್ಗಮೂಲದಿಂದ, ಅಂದರೆ ಸುಮಾರು 3.46ರಿಂದ, ಗುಣಿಸಿದರೆ ವಾರ್ಷಿಕ ಅಂಕಿ ಬರುತ್ತದೆ. ಮೊದಲ ವರ್ಷ ತಿಂಗಳ ವಿಚಲನೆ 2.9 ಇದ್ದು ವಾರ್ಷಿಕ 10 ಆಗಿತ್ತು. ನಂತರ ಅದು 5.8ಕ್ಕೆ ಏರಿ ವಾರ್ಷಿಕ 20 ಆಯಿತು. ಹತ್ತನ್ನು ಹತ್ತರಿಂದ ಭಾಗಿಸಿದರೆ 1. ಹನ್ನೊಂದನ್ನು ಇಪ್ಪತ್ತರಿಂದ ಭಾಗಿಸಿದರೆ 0.55. ಹಳೆಯ ಕೂಲಿಯ ದರದಲ್ಲೇ 20ರ ಹೊರೆ ಹೊತ್ತಿದ್ದರೆ, 7ರ ಬಡ್ಡಿಯೂ ಸೇರಿ, ಫಂಡು ಶೇಕಡಾ 27 ಗಳಿಸಬೇಕಾಗಿತ್ತು. ಕೊಟ್ಟದ್ದು 18.

“ಏರಿಳಿತ ಇದ್ರ ಇರಲಿ ಬಿಡ್ರಿ, ಕಡೀಕ್ ರೊಕ್ಕ ಬಂತಲ್ಲ” ಎಂದು ಅವರು ಕೇಳಿದ್ದು ನ್ಯಾಯವಾದ ಮಾತೇ. ಹಣವನ್ನು ಹತ್ತು ವರ್ಷ ಮುಟ್ಟದವರಿಗೆ ಅದು ಬಹುಮಟ್ಟಿಗೆ ಒಪ್ಪುತ್ತದೆ. ಆದರೆ ಇವರು ಪ್ರತಿ ವರ್ಷ ಬ್ಯಾಡಗಿ ಮಾರುಕಟ್ಟೆಗೆ ಹೊಸ ಮಾಲು ಬರುವ ಹಂಗಾಮಿನಲ್ಲಿ ಖರೀದಿಗಾಗಿ ಇದೇ ಫಂಡಿನಿಂದ ಹಣ ತೆಗೆಯುತ್ತಾರೆ. ಮೊದಲ ವರ್ಷ ಮೂರು ತಿಂಗಳು ನಷ್ಟವಾಗಿತ್ತು, ಅವುಗಳಲ್ಲಿ ಅತಿ ಕೆಟ್ಟದ್ದು ಶೇಕಡಾ 4ರ ಇಳಿಕೆ. ನಂತರದ ವರ್ಷ ಐದು ತಿಂಗಳು ನಷ್ಟವಾಗಿ, ಒಂದು ತಿಂಗಳಲ್ಲಿ ಶೇಕಡಾ 9 ಕರಗಿತ್ತು. 10 ಲಕ್ಷದ ಮೇಲೆ ಅದು 90 ಸಾವಿರ. ಆ ತಿಂಗಳು ಹಂಗಾಮಿನಲ್ಲೇ ಬಂದಿದ್ದರೆ, ಬೇಕಾದಷ್ಟು ಹಣಕ್ಕಾಗಿ ಹೆಚ್ಚು ಯೂನಿಟ್‌ಗಳನ್ನು ಮಾರಬೇಕಾಗುತ್ತಿತ್ತು. ಮಾರಿಹೋದ ಯೂನಿಟ್‌ಗಳಿಗೆ ಮುಂದಿನ ಏರಿಕೆಯಲ್ಲಿ ಪಾಲಿಲ್ಲ. ವರ್ಷದ ಕೊನೆಗೆ ಪಟ್ಟಿಯಲ್ಲಿ ಕಾಣುವ 18 ಇಡೀ ವರ್ಷ ಹಣವನ್ನು ಬಿಟ್ಟವರಿಗೆ ಸಿಕ್ಕ ಗಳಿಕೆ. ನಡುವೆ ತೆಗೆದವರ ಗಳಿಕೆ ಬೇರೆಯೇ ಇರುತ್ತದೆ.

ಈ ಅಳತೆಗೂ ಮಿತಿಗಳಿವೆ, ಅವನ್ನು ನಾನು ಟಿಪ್ಪಣಿಯಲ್ಲಿ ಮುಚ್ಚಿಡಲಿಲ್ಲ. ಮಾನಕ ವಿಚಲನೆ ಮೇಲಕ್ಕೆ ಜಿಗಿದದ್ದನ್ನೂ ಕೆಳಕ್ಕೆ ಬಿದ್ದದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಅದಕ್ಕಾಗಿಯೇ ನಷ್ಟದ ತಿಂಗಳುಗಳನ್ನು ಪ್ರತ್ಯೇಕವಾಗಿ ಎಣಿಸಿದ್ದೆ. ಇದಕ್ಕಿಂತ ದೊಡ್ಡ ಮಿತಿ ಇನ್ನೊಂದಿದೆ. ಬರೀ 12 ತಿಂಗಳ ಅಂಕಿಯಿಂದ ತೆಗೆದ ಶಾರ್ಪ್ ಅನುಪಾತದಲ್ಲಿ ಸುಮಾರು 1ರಷ್ಟು ಹೆಚ್ಚುಕಡಿಮೆ ಕೇವಲ ಅದೃಷ್ಟದಿಂದ ಬರಬಹುದು. ಆದ್ದರಿಂದ 1 ಹೋಗಿ 0.55 ಆಯಿತೆಂಬುದೊಂದರಿಂದಲೇ ಫಂಡು ಕೆಟ್ಟಿತೆಂದು ತೀರ್ಮಾನಿಸುವುದು ತಪ್ಪು. ಆದರೆ ಏರಿಳಿತದ ಅಂಕಿ ಅಷ್ಟು ಸಡಿಲವಾದದ್ದಲ್ಲ. ಹನ್ನೆರಡೇ ತಿಂಗಳಾದರೂ ಅದು ಅದೃಷ್ಟವೊಂದರಿಂದಲೇ ಎರಡು ಪಟ್ಟಾಗುವುದು ಅಪರೂಪ. ಹಾಗಾಗಿ ಕಾರಣವನ್ನು ಫಂಡಿನ ಒಳಗೇ ಹುಡುಕಿದೆ.

ಹುಡುಕುವುದು ಕಷ್ಟವೇನಲ್ಲ. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ನಿಯಮದಂತೆ ಫಂಡುಗಳು ತಮ್ಮಲ್ಲಿರುವ ಷೇರುಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ಪ್ರಕಟಿಸಬೇಕು. ಇದು ಫ್ಲೆಕ್ಸಿ ಕ್ಯಾಪ್ ಫಂಡು. ದೊಡ್ಡ, ಮಧ್ಯಮ, ಸಣ್ಣ ಕಂಪನಿಗಳ ನಡುವೆ ಹಣವನ್ನು ಹೇಗೆ ಬೇಕಾದರೂ ಸರಿಸುವ ಸ್ವಾತಂತ್ರ್ಯ ಅದಕ್ಕಿದೆ. ಮೊದಲ ವರ್ಷದ ಕೊನೆಯ ಪಟ್ಟಿಯಲ್ಲಿ ಸಣ್ಣ ಕಂಪನಿಗಳ ಪಾಲು, ಅಂದರೆ ಮಾರುಕಟ್ಟೆ ಮೌಲ್ಯದಲ್ಲಿ 251ನೆಯ ಸ್ಥಾನದಿಂದ ಕೆಳಗಿನವುಗಳ ಪಾಲು, ಶೇಕಡಾ 10ರಷ್ಟಿತ್ತು. ನಂತರದ ವರ್ಷ ಅದು 40ಕ್ಕೆ ಬಂದಿತ್ತು. ಏರಿಳಿತ ಎಲ್ಲಿಂದ ಬಂತೆಂಬುದು ಇದರಿಂದ ತಿಳಿಯಿತು. ವ್ಯವಸ್ಥಾಪಕರು ನಿಯಮ ಮೀರಿರಲಿಲ್ಲ, ಆದರೆ ಈ ವರ್ತಕರು ಕೊಂಡ ದಿನ ಇದ್ದ ಫಂಡು ಅದಾಗಿ ಉಳಿದಿರಲಿಲ್ಲ.

ಇಂಥ ಪರಿಶೀಲನೆಯನ್ನು ಮನೆಯಲ್ಲೇ ಮಾಡುವವರು ಒಂದು ಎಚ್ಚರ ವಹಿಸಬೇಕು. ಫಂಡು ಕಂಪನಿ ತಿಂಗಳಿಗೊಮ್ಮೆ ಹೊರಡಿಸುವ ಮಾಹಿತಿ ಹಾಳೆಯಾದ ಫ್ಯಾಕ್ಟ್‌ಶೀಟ್‌ನಲ್ಲಿ ಮುದ್ರಿತವಾಗುವ ಶಾರ್ಪ್ ಅನುಪಾತ ಸಾಮಾನ್ಯವಾಗಿ ಮೂರು ವರ್ಷಗಳದ್ದು, ಅದರ ಕೆಳಗೆ ಯಾವ ಬಡ್ಡಿ ದರವನ್ನು ಕಳೆದಿದ್ದಾರೆಂದು ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಬೇರೆಬೇರೆ ತಿಂಗಳ ಎರಡು ಫ್ಯಾಕ್ಟ್‌ಶೀಟ್‌ಗಳನ್ನು ಎದುರುಬದುರಾಗಿ ಇಡುವ ಮೊದಲು ಆ ದರವನ್ನು ಓದಿ; ಅದು ಬೇರೆಯಾಗಿದ್ದರೆ ಎರಡು ಅನುಪಾತಗಳ ನಡುವಿನ ವ್ಯತ್ಯಾಸದಲ್ಲಿ ಒಂದು ಪಾಲು ಆ ದರದಿಂದಲೇ ಬಂದಿರುತ್ತದೆ.

ಫಂಡನ್ನು ಪೂರ್ತಿ ಮಾರಿರೆಂದು ನಾನು ವರ್ತಕರಿಗೆ ಹೇಳಲಿಲ್ಲ. ಹಂಗಾಮಿನ ಖರೀದಿಗೆ ಬೇಕಾಗುವ 4 ಲಕ್ಷವನ್ನು ಏರಿಳಿತ ತೀರಾ ಕಡಿಮೆ ಇರುವ, ಅಲ್ಪಾವಧಿ ಸಾಲಪತ್ರಗಳ ಲಿಕ್ವಿಡ್ ಫಂಡಿಗೆ ಸರಿಸಿ, ಉಳಿದ 6 ಲಕ್ಷವನ್ನು ಅಲ್ಲೇ ಬಿಡಿ, ಸಣ್ಣ ಕಂಪನಿಗಳ ಪಾಲು ಇನ್ನೂ ಏರುತ್ತದೆಯೇ ಎಂದು ಪ್ರತಿ ತಿಂಗಳ ಪಟ್ಟಿಯಲ್ಲಿ ನೋಡೋಣ ಎಂದು ಹೇಳಿದೆ. ಅವರು ಒಪ್ಪಿಕೊಂಡರು. “ಹಂಗಾರ ಮುಂದಿನ ಟಿಪ್ಪಣಿಯೊಳಗ ಚೀಲದ ಕೂಲಿನೂ ಬರೀರಿ” ಎಂದರು. ಈಗ ಅವರಿಗೆ ಹೋಗುವ ಪ್ರತಿ ಟಿಪ್ಪಣಿಯಲ್ಲೂ ಗಳಿಕೆಯ ಪಕ್ಕದಲ್ಲೇ ಆ ಅಂಕಿಯನ್ನೂ ಬರೆಯುತ್ತಿದ್ದೇನೆ.

ನಮಸ್ಕಾರ.