ಟೇಪರ್‌ನ ಅಂಚಿಗೆ ವರ್ನಿಯರ್ ಹಚ್ಚಬ್ಯಾಡ್ರಿ

ನಮಸ್ಕಾರ. ಹುಬ್ಬಳ್ಳಿ ಗೋಕುಲ ರೋಡ್ ಕಡೆ ವರ್ಕ್‌ಶಾಪಿಗೆ ಡ್ರಾಯಿಂಗ್ ಬರೂದು ಕಡಿಮಿ, ಸ್ಯಾಂಪಲ್ ಬರೂದ ಜಾಸ್ತಿ. ತುದಿಗೆ ಟೇಪರ್ ಇರೋ ಹಳೇ ಶಾಫ್ಟ್ ತಂದು "ಇಂಥಾದ್ದ ಒಂದು ಮಾಡಿಕೊಡ್ರಿ" ಅಂತಾರ. ಆಗ ಬಹಳ ಮಂದಿ ಎರಡೂ ಅಂಚಿಗೆ ವರ್ನಿಯರ್ ಹಚ್ಚಿ, ಉದ್ದ ಅಳದು, ಕೋನ ತಗೀತಾರ. ಆ ಪದ್ಧತಿ ಬಿಡಬೇಕು ಅನ್ನೂದು ನನ್ನ ವಾದ.

ಒಂದು ಲೆಕ್ಕ ನೋಡ್ರಿ. ನಿಜವಾದ ಟೇಪರ್ 1:10, ಅಂದ್ರ 10 ಮಿ.ಮೀ. ಉದ್ದಕ್ಕ ಡಯಾ 1 ಮಿ.ಮೀ. ಏರತೈತಿ. ಸಣ್ಣ ಡಯಾ 40, ಉದ್ದ 60, ದೊಡ್ಡ ಡಯಾ 46 ಮಿ.ಮೀ. ಸಣ್ಣ ತುದಿಗೆ 1 ಮಿ.ಮೀ. ಚಾಂಫರ್ ಐತಿ, ದೊಡ್ಡ ತುದಿಗೆ 3 ಮಿ.ಮೀ. ಅಂಡರ್‌ಕಟ್. ವರ್ನಿಯರ್‌ಗೆ ಸಿಗೂದು 40.1 ಮತ್ತು 45.7. ವ್ಯತ್ಯಾಸ 5.6. ಆದ್ರ ಉದ್ದ ಮಾತ್ರ ಮುಖದಿಂದ ಭುಜದ ತನಕ ಅಳದು 60 ಅಂತ ಬರಕೊಂಡಿರ್ತಾರ. 5.6 ಅನ್ನು 60ರಿಂದ ಭಾಗಿಸಿದ್ರ ಸುಮಾರು 1:10.7 ಬರ್ತೈತಿ. ಆ ಎರಡು ಡಯಾ ನಡುವಿನ ದೂರ 56 ಇತ್ತು, ತಪ್ಪಾಗಿದ್ದು ಅಲ್ಲೇ. ಹಂಗ ಮಾಡಿದ ಶಾಫ್ಟಿಗೆ ಬ್ಲೂ ಹಚ್ಚಿ ಹಬ್ ಕೂಡಿಸಿದ್ರ ಸಣ್ಣ ತುದಿ ಕಡೆ ಮಾತ್ರ ಹತ್ತತೈತಿ, ದೊಡ್ಡ ತುದಿ ಗಾಳಿಯೊಳಗ.

ಅದಕ್ಕ ಮೊದಲು ಇಳಿಜಾರು ಹಿಡೀರಿ, ಡಯಾ ಆಮ್ಯಾಲ. ಸಣ್ಣ ಮುಖದ ಬರ್ ತಗದು, ಶಾಫ್ಟನ್ನ ಆ ಮುಖದ ಮ್ಯಾಲ ಸರ್ಫೇಸ್ ಪ್ಲೇಟಿನ ಮ್ಯಾಲ ನೆಟ್ಟಗ ನಿಲ್ಲಿಸ್ರಿ. ಉದ್ದ ಶಾಫ್ಟ್ ಇದ್ರ ಆಂಗಲ್ ಪ್ಲೇಟಿಗೆ ಕ್ಲ್ಯಾಂಪ್ ಮಾಡ್ರಿ. ಒಂದ ಸೈಜಿನ ಎರಡು ಗ್ರೈಂಡ್ ಮಾಡಿದ ಪಿನ್ನು, 10 ಮಿ.ಮೀ.ದು ಅನ್ನೋಣ, ಟೇಪರಿನ ಎರಡೂ ಬದಿಗೆ ಅಡ್ಡ ಮಲಗಿಸಿ, ಹೊರಗಿನಿಂದ ಮೈಕ್ರೋಮೀಟರ್ ಹಚ್ರಿ. ಡೋವೆಲ್ ಪಿನ್ ಆದ್ರ ಅದನ್ನೂ ಅಳದ ಬಳಸ್ರಿ, ಸರಿಯಾಗಿ 10 ಇರೂದಿಲ್ಲ. ಕೀವೇ ಇದ್ದ ಕಡೆ ಪಿನ್ ಬರಬಾರದು. ಈಗ ಎರಡೂ ಪಿನ್ನಿನ ಕೆಳಗ 40 ಮಿ.ಮೀ. ಸ್ಲಿಪ್ ಗೇಜ್ ಇಟ್ಟು ಮತ್ತ ಅಳೀರಿ.

ಕೆಳಗಿನ ಅಳತಿ M1 = 60.51, ಮ್ಯಾಲಿನದು M2 = 64.51 ಬಂತು. h ಅಂದ್ರ ಸ್ಲಿಪ್ ಎತ್ತರ, p ಪಿನ್ ಡಯಾ, a ಪೂರ್ತಿ ಕೋನ, L ಟೇಪರ್ ಉದ್ದ, d ಸಣ್ಣ ಡಯಾ, D ದೊಡ್ಡ ಡಯಾ.

```
tan(a/2) = (M2 - M1) / (2 * h)
d = M1 - p * (1 + tan(45 + a/4))
D = d + 2 * L * tan(a/2)
```

4 ಭಾಗಿಸು 80, ಅಂದ್ರ 0.05. ಅರ್ಧ ಕೋನ 2.862 ಡಿಗ್ರಿ, ಪೂರ್ತಿ ಕೋನ 5.725. ಪಿನ್ನಿನ ಪಾಲು 20.51 ಕಳದ್ರ ಸಣ್ಣ ಡಯಾ 40.00, ಅದಕ್ಕ 6 ಕೂಡಿಸಿದ್ರ ದೊಡ್ಡದು 46.00. ಚಾಂಫರ್‌ದಿಂದ ಮಾಯ ಆಗಿದ್ದ ಅಂಚು ಲೆಕ್ಕದೊಳಗ ವಾಪಸ್ ಬಂತು.

ಸ್ಲಿಪ್ 10 ಸಾಕಲ್ಲ ಅಂತೀರಿ? ಎರಡೂ ಅಳತಿಯೊಳಗ 0.01 ತಪ್ಪು ವಿರುದ್ಧ ದಿಕ್ಕಿಗೆ ಬಿದ್ರ, 10ರ ಎತ್ತರಕ್ಕ ಅದು 60 ಮಿ.ಮೀ. ಉದ್ದದೊಳಗ ಡಯಾಕ್ಕ 0.12 ಆಗತೈತಿ. 40ಕ್ಕ ಆದ್ರ 0.03 ಅಷ್ಟ. ಜಾಗ ಇದ್ದಷ್ಟು ಎತ್ತರ ತಗೋರಿ, ಆದ್ರ ಮ್ಯಾಲಿನ ಪಿನ್ ಅಂಡರ್‌ಕಟ್ಟಿಗೆ ಬೀಳಬಾರದು. ಸಣ್ಣ ತುದಿಯಾಚೆ ಥ್ರೆಡ್ ಚಾಚಿದ್ರ, ಥ್ರೆಡ್‌ನ ಉದ್ದಕ್ಕಿಂತ ದಪ್ಪ ಇರೋ, ಎರಡೂ ಮುಖ ಗ್ರೈಂಡ್ ಮಾಡಿದ ರಿಂಗ್ ಕೆಳಗ ಇಟ್ಟು ಅದನ್ನ ಪ್ಲೇಟ್ ಅಂತ ತಿಳೀರಿ.

ಇನ್ನೊಂದು ತಂಟೆ ಉದ್ದದ್ದು. ಎರಡೂ ಡಯಾ ಮತ್ತ 1:10 ಗೊತ್ತಿದ್ದು ಉದ್ದ ತಗೀಬೇಕಂದ್ರ, ಡಯಾದೊಳಗಿನ 0.05 ತಪ್ಪು ಉದ್ದದೊಳಗ 0.5 ಆಗತೈತಿ. ಉಲ್ಟಾ ಹೋದ್ರ ಆ ಅರ್ಧ ಮಿ.ಮೀ. ಡಯಾಕ್ಕ ಬರೀ 0.05. ಹಬ್ ಶಾಫ್ಟಿನ ಮ್ಯಾಲ ಎಲ್ಲಿ ಕುಂದ್ರತೈತಿ ಅನ್ನೂದನ್ನ ಡಯಾ ತೀರ್ಮಾನ ಮಾಡತೈತಿ, ಹಂಗಾಗಿ ಮೈಕ್ರೋಮೀಟರ್ ಖರ್ಚು ಅಲ್ಲೇ ಮಾಡ್ರಿ. ಡ್ರಾಯಿಂಗಿನೊಳಗ ಎರಡು ಡಯಾ, ಉದ್ದ, ಟೇಪರ್ ನಾಲ್ಕೂ ಬರದು ನಾಲ್ಕಕ್ಕೂ ಟಾಲರನ್ಸ್ ಕೊಡೋರನ್ನ ನಾ ಒಪ್ಪೂದಿಲ್ಲ. ಮೂರು ಕೊಟ್ರ ನಾಲ್ಕನೇದು ತಾನ ಬರ್ತೈತಿ, ನಾಲ್ಕೂ ಕೊಟ್ರ ಒಂದಕ್ಕೊಂದು ಜಗಳಾಡ್ತಾವ.

28.65ರ ಸೂತ್ರ ಹಚ್ಚೋರಿಗೂ ಒಂದು ಮಾತು. ಡಯಾ ವ್ಯತ್ಯಾಸ ಭಾಗಿಸು ಉದ್ದ, ಗುಣಿಸು 28.65, ಅದು ಅರ್ಧ ಕೋನ. 1:10ಕ್ಕ 2.865 ಬರ್ತೈತಿ, ನಡೀತೈತಿ. ವ್ಯತ್ಯಾಸ ಉದ್ದದಷ್ಟ ಇದ್ರ 28.65 ಅನ್ನತೈತಿ, ನಿಜವಾಗಿ 26.57. ಎರಡು ಡಿಗ್ರಿ ತಪ್ಪು. ಗಿಡ್ಡ ಕೋನ್‌ಗಳಿಗೆ ಹಚ್ಚಬ್ಯಾಡ್ರಿ.

ಕಂಪೌಂಡ್ ಸ್ಲೈಡ್ ತಿರುಗಿಸೂದು ಅರ್ಧ ಕೋನಕ್ಕ, ಪೂರ್ತಿ 5.725 ಇಟ್ರ ಹತ್ತಿರ ಹತ್ತಿರ 1:5 ಟೇಪರ್ ಕಡೀತೈತಿ. ಡಿಗ್ರಿ ಗೆರಿ ನೋಡಿ 2.862 ಇಡಾಕ ಆಗೂದಿಲ್ಲ. ಚಕ್ಕಿನೊಳಗ ಸಮ ಡಯಾ ಬಾರ್ ಹಿಡದು, ಡಯಲ್ ಸ್ಲೈಡಿಗೆ ಕಟ್ಟಿ, ಅದರ ಮೊನಿ ಸೆಂಟರ್ ಎತ್ತರಕ್ಕ ಬಾರಿಗೆ ತಾಗಿಸಿ, ಸ್ಲೈಡನ್ನ 40 ಮಿ.ಮೀ. ಓಡಿಸ್ರಿ. ಮುಳ್ಳು 1.998 ತೋರಿಸೋ ತನಕ ತಟ್ಟಿ ಸರಿಸಿ, ಆಮ್ಯಾಲ ಬೋಲ್ಟ್ ಬಿಗೀರಿ. ಬಿಗಿದ ಮ್ಯಾಲ ಇನ್ನೊಮ್ಮೆ ಓಡಿಸ್ರಿ, ಬಿಗಿಯೋವಾಗ ಸ್ಲೈಡ್ ಸರಿದಿರತೈತಿ.