ಹಲ್ಲಿ ಭಯ ಬಿಡಿಸೋದು ಹೇಗೆ? ಮೊಲ, ಬೆಕ್ಕು ಮತ್ತು ಸೊನ್ನೆಯಿಂದ ನೂರರ ಲೆಕ್ಕ

[ಸ್ಕ್ರೀನ್: ಟ್ಯೂಬ್‌ಲೈಟ್ ಪಕ್ಕ ಹಲ್ಲಿಯ ಬರೀ ಗೆರೆಚಿತ್ರ]

ನಮಸ್ಕಾರ. ಮೊದಲೇ ಹೇಳ್ಬಿಡ್ತೀವಿ, ಈ ವಿಡಿಯೋದಲ್ಲಿ ನಿಜವಾದ ಹಲ್ಲಿಯ ಫೋಟೋ ಒಂದೂ ಇಲ್ಲ. ಹಲ್ಲಿ ಕಂಡ್ರೆ ಆಗದವರು ಧೈರ್ಯವಾಗಿ ನೋಡ್ಬಹುದು.

ನಮ್ಮ ವೀಕ್ಷಕರೊಬ್ಬರ ಪ್ರಶ್ನೆ ಇದು: “ಹಲ್ಲಿ ಕಚ್ಚಲ್ಲ, ವಿಷ ಇಲ್ಲ ಅಂತ ನನಗೂ ಗೊತ್ತು. ಆದ್ರೂ ಬಾತ್‌ರೂಮ್ ಗೋಡೆ ಮೇಲೆ ಹಲ್ಲಿ ಇದ್ರೆ ಸ್ನಾನ ಕ್ಯಾನ್ಸಲ್. ಗೊತ್ತಿದ್ದೂ ಭಯ ಯಾಕೆ ಹೋಗಲ್ಲ?”

ಉತ್ತರ ಚಿಕ್ಕದು. ಫೋಬಿಯಾ ಅನ್ನೋದು ಮಾಹಿತಿಯ ಕೊರತೆ ಅಲ್ಲ, ಮೈ ಕಲಿತಿರೋ ಪ್ರತಿಕ್ರಿಯೆ. ಹಲ್ಲಿ ಕಂಡ ತಕ್ಷಣ ಎದೆ ಹೊಡ್ಕೊಳ್ಳುತ್ತೆ, ಓಡಿ ಹೋಗ್ತೀರಿ, ಹೋದ ಕೂಡ್ಲೆ ಹಾಯ್ ಅನಿಸುತ್ತೆ. ಆ ಹಾಯ್ ಅನ್ನೋದೇ ಓಡೋದಕ್ಕೆ ಸಿಕ್ಕ ಬಹುಮಾನ. ಮುಂದಿನ ಸಲ ಇನ್ನೂ ಬೇಗ ಓಡ್ತೀರಿ. ಹಲ್ಲಿ ಏನೂ ಮಾಡಲ್ಲ ಅಂತ ಮೈಗೆ ಗೊತ್ತಾಗೋ ಅವಕಾಶವೇ ಬರಲ್ಲ. ಹಲ್ಲಿ ಶಕುನ, ಪಂಚಾಂಗದ ಪಟ್ಟಿ, ಯಾವ ಭುಜದ ಮೇಲೆ ಬಿದ್ರೆ ಏನು ಫಲ, ಅದೆಲ್ಲ ನಮ್ಮ ಕಡೆಯ ಬೋನಸ್.

ಹಾಗಾದ್ರೆ ಮೈಗೆ ಹೊಸ ಪಾಠ ಕಲಿಸೋದು ಹೇಗೆ? ಇದಕ್ಕೆ ನೂರು ವರ್ಷದ ಹಿಂದಿನ ಒಂದು ಮೊಲದ ಹತ್ರ ಹೋಗ್ಬೇಕು.

[ಸ್ಕ್ರೀನ್: 1924, ನ್ಯೂಯಾರ್ಕ್]

ಮೇರಿ ಕವರ್ ಜೋನ್ಸ್ ಅಂತ ಮನಶ್ಶಾಸ್ತ್ರಜ್ಞೆ. ಅವರ ಮುಂದೆ ಪೀಟರ್ ಅನ್ನೋ ಹುಡುಗ, ವಯಸ್ಸು 2 ವರ್ಷ 10 ತಿಂಗಳು. ಅವನಿಗೆ ಬಿಳಿ ಇಲಿ ಕಂಡ್ರೆ ಭಯ, ತುಪ್ಪಳದ ಕೋಟು ಕಂಡ್ರೆ ಭಯ, ಹಕ್ಕಿ ಪುಕ್ಕ, ಹತ್ತಿ ಕೂಡ ಭಯ. ಎಲ್ಲಕ್ಕಿಂತ ಹೆಚ್ಚು ಮೊಲದ ಭಯ. ಹಾಗಾಗಿ ಮೊಲವನ್ನೇ ಆರಿಸ್ಕೊಂಡ್ರು. ಮೊದಲು ಭಯ ಇಲ್ಲದ ಮಕ್ಕಳ ಜೊತೆ ಮೊಲ ತೋರಿಸಿದ್ರು, ಸ್ವಲ್ಪ ಸುಧಾರಿಸ್ತು. ಅಷ್ಟರಲ್ಲಿ ಹುಡುಗನಿಗೆ ಜ್ವರ ಬಂದು ಸುಮಾರು ಎರಡು ತಿಂಗಳು ಆಸ್ಪತ್ರೆ. ಬಿಡುಗಡೆ ಆಗಿ ಹೊರಡುವಾಗ ದೊಡ್ಡ ನಾಯಿಯೊಂದು ಮೇಲೆ ಹಾರಿ ಬಂತು. ಗಳಿಸಿದ್ದೆಲ್ಲ ಹೋಯ್ತು.

ಆಮೇಲೆ ಜೋನ್ಸ್ ದಾರಿ ಬದಲಿಸಿದ್ರು. ಪೀಟರ್‌ನ ಎತ್ತರದ ಕುರ್ಚಿಯಲ್ಲಿ ಕೂರಿಸಿ, ಅವನಿಗೆ ಇಷ್ಟವಾದ ತಿಂಡಿ ಕೊಟ್ಟು, ಅವನು ತಿನ್ನುತ್ತಾ ಇರುವಾಗ ಪಂಜರದಲ್ಲಿರೋ ಮೊಲವನ್ನ ತಂದ್ರು. ಎಷ್ಟು ಹತ್ರ? ತಿನ್ನೋದು ನಿಲ್ಲದಷ್ಟು ಹತ್ರ, ಅಷ್ಟೇ. ಅವರ ದಾಖಲೆಯಲ್ಲಿ ಅಂತರ ಬರೆದಿದ್ದಾರೆ: ಪಂಜರದ ಮೊಲ 12 ಅಡಿ ದೂರ ಇದ್ರೆ ಪರವಾಗಿಲ್ಲ, ಆಮೇಲೆ 4 ಅಡಿ, ಆಮೇಲೆ 3 ಅಡಿ, ಆಮೇಲೆ ಪಕ್ಕದಲ್ಲೇ, ಆಮೇಲೆ ಪಂಜರದಿಂದ ಹೊರಗೆ. ಕೊನೆಗೆ ಮೊಲ ತನ್ನ ಬೆರಳನ್ನ ಮೆಲ್ಲಗೆ ಕಚ್ಚಿದ್ರೂ ಪೀಟರ್ ಸುಮ್ನಿದ್ದ. ಹತ್ತಿ, ಪುಕ್ಕ, ಕೋಟಿನ ಭಯಕ್ಕೆ ಯಾರೂ ಏನೂ ಮಾಡಿರಲಿಲ್ಲ. ಅವೂ ಹೋದ್ವು.

ಇದೇ ಕೌಂಟರ್ ಕಂಡೀಷನಿಂಗ್. ಭಯ ಹುಟ್ಟಿಸೋ ವಸ್ತುವಿನ ಜೊತೆ ಭಯಕ್ಕೆ ಎದುರಾದ ಇನ್ನೊಂದು ಪ್ರತಿಕ್ರಿಯೆಯನ್ನ ಜೋಡಿಸೋದು.

ಆದ್ರೆ ನಮಗೆ ಈ ಕತೆಯಲ್ಲಿ ತುಂಬಾ ಇಷ್ಟವಾದ ಭಾಗ ಬೇರೆ ಇದೆ. ಇದನ್ನ ತುಂಬಾ ನಾಜೂಕಾಗಿ ಮಾಡ್ಬೇಕು ಅಂತ ಜೋನ್ಸ್ ಅವರೇ ಎಚ್ಚರಿಸಿದ್ರು. ಯಾಕಂದ್ರೆ ಈ ಪಾಠ ಎರಡೂ ಕಡೆ ಹರಿಯುತ್ತೆ. ಅವಸರ ಮಾಡಿ ಮೊಲವನ್ನ ತಟ್ಟೆ ಪಕ್ಕಕ್ಕೇ ತಂದಿಟ್ರೆ, ತಿಂಡಿಯ ಖುಷಿ ಮೊಲಕ್ಕೆ ಹೋಗಲ್ಲ. ಮೊಲದ ಭಯ ತಿಂಡಿಗೆ ಬರುತ್ತೆ! ಹಾಗಲಕಾಯಿ ಗೊಜ್ಜು ಮಾಡುವವರಿಗೆ ಇದು ಗೊತ್ತು: ಬೆಲ್ಲ ಮುಂದಿದ್ರೆ ಕಹಿಯೂ ರುಚಿ, ಹಾಗಲ ಜಾಸ್ತಿ ಆದ್ರೆ ಹಾಕಿದ ಬೆಲ್ಲವೂ ದಂಡ. “ಹಲ್ಲೀನ ಕೈಗೆ ಕೊಡಿ, ಒಂದೇ ದಿನಕ್ಕೆ ಸರಿಹೋಗ್ತಾನೆ” ಅನ್ನೋ ಸೋದರಮಾವಂದಿರೇ, ದಯವಿಟ್ಟು ಇದನ್ನ ಇನ್ನೊಂದ್ಸಲ ಕೇಳಿ. ಪ್ರತಿ ಮೆಟ್ಟಿಲಲ್ಲೂ ನೆಮ್ಮದಿಯ ತೂಕ ಭಯದ ತೂಕಕ್ಕಿಂತ ಹೆಚ್ಚಿರಬೇಕು. ಮುಂದೆ ಹೇಳೋ ಎಲ್ಲ ಲೆಕ್ಕವೂ ಇದಕ್ಕೋಸ್ಕರವೇ.

[ಸ್ಕ್ರೀನ್: ಜೋಹಾನ್ಸ್‌ಬರ್ಗ್, 1940ರ ದಶಕದ ಕೊನೆ]

ದಕ್ಷಿಣ ಆಫ್ರಿಕಾದ ಮನೋವೈದ್ಯ ಜೋಸೆಫ್ ವೋಲ್ಪೆ ಇದನ್ನ ಬೆಕ್ಕುಗಳ ಮೇಲೆ ನೋಡಿದ್ರು. ಪಂಜರದಲ್ಲಿ ಶಾಕ್ ತಿಂದ ಬೆಕ್ಕು ಹಸಿದಿದ್ರೂ ಆ ಕೋಣೆಯಲ್ಲಿ ಊಟ ಮುಟ್ಟಲ್ಲ. ಆ ಕೋಣೆಯನ್ನ ಅಷ್ಟಾಗಿ ಹೋಲದ ಬೇರೆ ಕೋಣೆಯಲ್ಲಿ ತಿನ್ನುತ್ತೆ. ಅಲ್ಲಿಂದ ಒಂದೊಂದೇ ಕೋಣೆ ಹತ್ರ ತಂದು, ಕೊನೆಗೆ ಅದೇ ಪಂಜರದಲ್ಲಿ ತಿನ್ನಿಸಿದ್ರು. ದೊಡ್ಡವರಿಗೆ ಮೈಸೂರ್ ಪಾಕ್ ಕೊಡ್ತಾ ಕೂರೋಕೆ ಆಗಲ್ಲ ಅಲ್ವಾ? ಅದಕ್ಕೆ ತಿಂಡಿಯ ಜಾಗದಲ್ಲಿ ಸ್ನಾಯು ಸಡಿಲಿಸೋ ವಿಧಾನ ತಂದ್ರು. ಅದು ಎಡ್ಮಂಡ್ ಜೇಕಬ್‌ಸನ್ ರೂಪಿಸಿದ್ದು. ತುಂಬಾ ಉದ್ದದ ತರಬೇತಿ ಅದು, ವೋಲ್ಪೆ ಸುಮಾರು ಆರು ಭೇಟಿಗೆ ಇಳಿಸಿದ್ರು. 1958ರಲ್ಲಿ ಇದೆಲ್ಲ ಪುಸ್ತಕವಾಗಿ ಬಂತು. ಈ ವಿಧಾನದ ಹೆಸರು ಸಿಸ್ಟಮ್ಯಾಟಿಕ್ ಡಿಸೆನ್ಸಿಟೈಸೇಶನ್.

ಈಗ ಕೆಲಸಕ್ಕೆ ಬರೋಣ. ಉದಾಹರಣೆಗೆ ಒಬ್ಬರನ್ನ ಕಲ್ಪಿಸ್ಕೊಳ್ಳಿ, ಸವಿತಾ ಅಂತ ಇಟ್ಕೊಳ್ಳೋಣ. ಸಂಜೆ ಆದ್ಮೇಲೆ ಒಬ್ಬರೇ ಅಡುಗೆಮನೆಗೆ ಹೋಗಲ್ಲ.

ಮೊದಲು ಸಡಿಲಿಸೋದು. ಮುಷ್ಟಿ ಬಿಗಿ ಹಿಡೀರಿ, 5ರಿಂದ 7 ಸೆಕೆಂಡ್. ಒಮ್ಮೆಲೇ ಬಿಡಿ. 20ರಿಂದ 30 ಸೆಕೆಂಡ್ ಆ ವ್ಯತ್ಯಾಸವನ್ನ ಗಮನಿಸಿ. ಹೀಗೇ ಮೊಣಕೈ, ಹಣೆ, ದವಡೆ, ಭುಜ, ಹೊಟ್ಟೆ, ತೊಡೆ, ಮೀನಖಂಡ. ದಿನಕ್ಕೆ ಎರಡು ಸಲ, ಒಂದೊಂದು ಸಲಕ್ಕೆ 15 ನಿಮಿಷ. ಬಿಗಿ ಹಿಡಿಯುವಾಗ ನೋವು ಬರಬಾರದು. ಹೆಚ್ಚಿನವರು ಕೈ ಬಿಡ್ತಾರೆ, ದವಡೆ ಬಿಡೋದು ಮರೀತಾರೆ.

ಜೊತೆಗೇ ಪಟ್ಟಿ. 0 ಅಂದ್ರೆ ಪೂರ್ತಿ ನಿರಾಳ, 100 ಅಂದ್ರೆ ಊಹಿಸಬಹುದಾದ ಅತಿ ದೊಡ್ಡ ಭಯ. ಸವಿತಾ ಅವರ ಪಟ್ಟಿ ಹೀಗಿರಬಹುದು.

[ಸ್ಕ್ರೀನ್‌ನಲ್ಲಿ ಒಂದೊಂದಾಗಿ]
ಹಲ್ಲಿಯ ಗೆರೆಚಿತ್ರ: 10
ಮೊಬೈಲ್‌ನಲ್ಲಿ ಹಲ್ಲಿ ಫೋಟೋ: 20
ಕಿಟಕಿ ಗಾಜಿನ ಹೊರಗೆ ಹಲ್ಲಿ: 30
ಹಾಲ್‌ನ ಆ ತುದಿಯಲ್ಲಿ ಹಲ್ಲಿ, ತಾನು ಬಾಗಿಲಲ್ಲಿ: 40
ಅದೇ ಹಲ್ಲಿ, ತಾನು ಸೋಫಾ ಮೇಲೆ: 50
ಅದೇ ಹಲ್ಲಿ ಸರ್ರನೆ ಓಡಿದಾಗ: 75
ಬಾತ್‌ರೂಮ್‌ನಲ್ಲಿ, ಬಾಗಿಲು ಹಾಕಿ: 85
ಭುಜದ ಮೇಲೆ ಬಿದ್ದಾಗ: 100

ಇಲ್ಲಿ ಏನೋ ಎಡವಟ್ಟಿದೆ, ಕಾಣ್ತಾ? 50ರಿಂದ ಒಮ್ಮೆಲೇ 75. ಅಂದ್ರೆ ಸವಿತಾಗೆ ಅಂತರಕ್ಕಿಂತ ಓಟದ ಭಯ ಜಾಸ್ತಿ. ಥೆರಪಿಸ್ಟ್ ಅಲ್ಲಿ ಮೆಟ್ಟಿಲು ಸೇರಿಸ್ಬೇಕು: ಬಾಲ ಮಾತ್ರ ಅಲ್ಲಾಡಿಸೋ ಹಲ್ಲಿ, ಒಂದು ಗೇಣು ಸರಿದು ನಿಲ್ಲೋ ಹಲ್ಲಿ, ತನ್ನಿಂದ ದೂರಕ್ಕೆ ಓಡೋ ಹಲ್ಲಿ. ಎರಡು ಮೆಟ್ಟಿಲ ನಡುವೆ 10 ಅಂಕಕ್ಕಿಂತ ಹೆಚ್ಚು ಅಂತರ ಇರಬಾರದು, ಹಾಗಾಗಿ 85 ಮತ್ತು 100ರ ನಡುವೆಯೂ ಒಂದು ಬೇಕು. ಇನ್ನೊಬ್ಬರಿಗೆ ಓಟದ ಚಿಂತೆಯೇ ಇರಲ್ಲ, ಕತ್ತರಿಸಿ ಬಿದ್ದ ಬಾಲ ಕಂಡ್ರೆ ಆಗಲ್ಲ. ಹಾಗಾಗಿ ರೆಡಿಮೇಡ್ ಪಟ್ಟಿ ನಡೆಯಲ್ಲ.

ಈಗ ಜೋಡಿಸೋದು. ಸವಿತಾ ಕಣ್ಣು ಮುಚ್ಚಿ ಮೈ ಸಡಿಲಿಸ್ತಾರೆ. ಥೆರಪಿಸ್ಟ್ ಅತಿ ಕೆಳಗಿನ ದೃಶ್ಯ ಹೇಳ್ತಾರೆ. ಚಿತ್ರ ಸ್ಪಷ್ಟವಾದಾಗ ಸವಿತಾ ತೋರುಬೆರಳು ಎತ್ತಬೇಕು. ಅಲ್ಲಿಂದ 5ರಿಂದ 7 ಸೆಕೆಂಡ್ ಅಷ್ಟೇ. “ನಿಲ್ಲಿಸಿ, ಎಷ್ಟು?” “10.” ಮತ್ತೆ 10ರಿಂದ 30 ಸೆಕೆಂಡ್ ಸಡಿಲಿಸೋದು. ಮತ್ತೆ ಅದೇ ದೃಶ್ಯ. “8.” ಮತ್ತೆ. “0.” ಸೊನ್ನೆ ಬಂದ್ಮೇಲೇ ಮುಂದಿನದು. ಒಂದು ದೃಶ್ಯಕ್ಕೆ ಸಾಮಾನ್ಯವಾಗಿ ಮೂರ್ನಾಲ್ಕು ಸಲ ಸಾಕು, ಒಂದು ದಿನಕ್ಕೆ ಮೂರ್ನಾಲ್ಕು ದೃಶ್ಯ ಸಾಕು. ಭಯ ಏರಿರುವಾಗ ಎದ್ದು ಮನೆಗೆ ಹೋಗೋ ಹಾಗಿಲ್ಲ. ಹೋದ್ರೆ ಓಡೋದಕ್ಕೇ ಬಹುಮಾನ ಕೊಟ್ಟ ಹಾಗೆ. ಸಲೀಸಾದ ಹಿಂದಿನ ದೃಶ್ಯಕ್ಕೆ ಇಳಿದು, ಅಲ್ಲಿ ಮುಗಿಸ್ತಾರೆ.

ಮೂರು ಸಲ ಆದ್ರೂ ಅಂಕ 30ರಲ್ಲೇ ನಿಂತಿದ್ರೆ? ಮೆಟ್ಟಿಲು ಎತ್ತರ ಆಯ್ತು, ನಡುವೆ ಇನ್ನೊಂದು ಬೇಕು. ಬೆರಳು ತಕ್ಷಣ ಮೇಲೆ, ಅಂಕ ತಕ್ಷಣ ಸೊನ್ನೆ, ಆದ್ರೆ ಮನೆಯಲ್ಲಿ ಏನೂ ಬದಲಾಗಿಲ್ಲ ಅಂದ್ರೆ? ಆಗ ಥೆರಪಿಸ್ಟ್ ಕೇಳ್ಬೇಕು: “ಏನು ಕಾಣ್ತಿದೆ, ಬಿಡಿಸಿ ಹೇಳಿ.” ಎಷ್ಟೋ ಸಲ ಹಲ್ಲಿ ರಬ್ಬರ್ ಬೊಂಬೆಯ ಹಾಗೆ ಬಿದ್ದಿರುತ್ತೆ, ಅಥವಾ ನಡುವೆ ಗಾಜು ಬಂದಿರುತ್ತೆ, ಅಥವಾ ಸವಿತಾ ಕೈಯಲ್ಲಿ ಪೊರಕೆ ಇರುತ್ತೆ! ಮನಸ್ಸೇ ದೃಶ್ಯವನ್ನ ಎಡಿಟ್ ಮಾಡ್ಕೊಂಡಿದೆ. ಕೆಲವರಿಗೆ ಚಿತ್ರವೇ ಮೂಡಲ್ಲ. ಅಂಥವರಿಗೆ ಕಲ್ಪನೆ ಬಿಟ್ಟು ನೇರವಾಗಿ ಫೋಟೋ, ವಿಡಿಯೋ, ಮುಚ್ಚಳ ಹಾಕಿದ ಪಾರದರ್ಶಕ ಡಬ್ಬಿಯೊಳಗಿನ ಹಲ್ಲಿಯಿಂದಲೇ ಶುರು.

[ಸ್ಕ್ರೀನ್: ಸಮಯ ಆಗ್ತಾ ಬಂತು]

ಉಳಿದದ್ದು ಬೇಗ ಬೇಗ. ಕಲ್ಪನೆಯಲ್ಲಿ 50 ದಾಟಿದ್ರೆ ನಿಜದಲ್ಲಿ 20ನ್ನ ಪ್ರಯತ್ನಿಸಬೇಕು, ಬರೀ ಕಣ್ಣು ಮುಚ್ಚಿ ಮುಗಿಸೋಕೆ ಆಗಲ್ಲ. ಬೇರೆ ಬೇರೆ ಜಾಗದಲ್ಲಿ ಅಭ್ಯಾಸ ಬೇಕು. ಕ್ಲಿನಿಕ್‌ನಲ್ಲಿ ಕಲಿತದ್ದು ಅಜ್ಜಿಮನೆ ಬಚ್ಚಲಲ್ಲಿ ಕೈಕೊಡಬಹುದು. ಹಳೇ ಪಾಠ ಅಳಿಸಿ ಹೋಗಿರಲ್ಲ, ಅದರ ಪಕ್ಕ ಹೊಸದು ಕೂತಿರುತ್ತೆ. 100ರ ಮೆಟ್ಟಿಲಿಗೆ ಹಲ್ಲಿಯನ್ನ ಮೈಮೇಲೆ ಬಿಟ್ಕೊಳ್ಳೋ ಅಗತ್ಯ ಇಲ್ಲ. ಹಲ್ಲಿಯ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಮುಟ್ಟಿದ್ರೆ ಸೋಪು ಹಾಕಿ ಕೈ ತೊಳೀಬೇಕು. ಇದು ಫೋಬಿಯಾ ಅಲ್ಲ, ಬರೀ ಸ್ವಚ್ಛತೆ.

ವೋಲ್ಪೆ ಪೂರ್ತಿ ಸರಿನಾ? ಇಲ್ಲ. ಸಡಿಲಿಸೋದನ್ನ ತೆಗೆದು, ಭಯದ ವಸ್ತುವನ್ನ ಸಾಕಷ್ಟು ಹೊತ್ತು ಎದುರಿಸೋದನ್ನ ಮಾತ್ರ ಉಳಿಸಿದ್ರೂ ಭಯ ಇಳಿಯುತ್ತೆ ಅಂತ ಆಮೇಲಿನ ಸಂಶೋಧನೆ ತೋರಿಸ್ತು. ಸ್ವೀಡನ್‌ನ ಲಾರ್ಸ್-ಯೋರಾನ್ ಓಸ್ಟ್ ಒಂದೇ ದಿನ ಸುಮಾರು ಮೂರು ಗಂಟೆಯ ಚಿಕಿತ್ಸೆಯನ್ನೇ ರೂಪಿಸಿದ್ರು. ಅದೂ ಮೆಟ್ಟಿಲು ಮೆಟ್ಟಿಲಾಗೇ, ರೋಗಿಯ ಒಪ್ಪಿಗೆ ತಗೊಂಡೇ. ಹಾಗಾಗಿ ಇವತ್ತು ಬಹಳ ಕಡೆ ನೇರ ಎದುರಿಸೋ ವಿಧಾನವೇ ಮೊದಲ ಆಯ್ಕೆ. ಹಲ್ಲಿ ಹೆಸರು ಕೇಳಿದ್ರೇ ಎದ್ದು ಹೋಗೋರಿಗೆ ವೋಲ್ಪೆ ದಾರಿ ಈಗಲೂ ಒಳ್ಳೆ ಬಾಗಿಲು, ನಮ್ಮ ಅಭಿಪ್ರಾಯದಲ್ಲಿ.

ಒಂದು ಭಯಕ್ಕೆ ಮಾತ್ರ ಸಡಿಲಿಸೋದು ತಪ್ಪು: ರಕ್ತ, ಸೂಜಿ ಕಂಡ್ರೆ ತಲೆ ತಿರುಗಿ ಬೀಳೋರು. ಅವರಲ್ಲಿ ರಕ್ತದೊತ್ತಡ ಮೊದಲು ಏರಿ, ಆಮೇಲೆ ಥಟ್ಟನೆ ಇಳಿಯುತ್ತೆ. ಅವರಿಗೆ ಉಲ್ಟಾ ಪಾಠ. ಕೈ, ಎದೆ, ಕಾಲಿನ ಸ್ನಾಯುಗಳನ್ನ 10ರಿಂದ 15 ಸೆಕೆಂಡ್, ಮುಖ ಬೆಚ್ಚಗಾಗೋವರೆಗೆ ಬಿಗಿ ಹಿಡಿದು, ಮಾಮೂಲಿ ಸ್ಥಿತಿಗೆ ಬಂದು 20ರಿಂದ 30 ಸೆಕೆಂಡ್ ಬಿಟ್ಟು, ಐದು ಸಲ ಮಾಡೋದು. ಸೂಜಿ ಚುಚ್ಚೋ ತೋಳನ್ನ ಮಾತ್ರ ಸಡಿಲ ಬಿಡಬೇಕು.

ಇದನ್ನ ಮಾಡಿಸೋದು ಕ್ಲಿನಿಕಲ್ ಸೈಕಾಲಜಿಸ್ಟ್. ಎಲ್ಲಿಂದ ಶುರು ಮಾಡೋದು ಅಂತ ಗೊತ್ತಿಲ್ಲದಿದ್ರೆ ಟೆಲಿ ಮಾನಸ್ ಉಚಿತ ಸಹಾಯವಾಣಿ 14416, ಕನ್ನಡದಲ್ಲೂ ಮಾತಾಡ್ಬಹುದು. ಮೊದಲ ಭೇಟಿಯಲ್ಲೇ ಕೇಳಿ: “ಮೆಟ್ಟಿಲ ಪಟ್ಟಿ ನನ್ನ ಜೊತೆ ಕೂತು ಮಾಡ್ತೀರಾ? ನಿಜವಾದ ಹಲ್ಲಿ ಯಾವಾಗ ಬರುತ್ತೆ?” ಪಟ್ಟಿಯೂ ಇಲ್ಲ, ಹಲ್ಲಿಯೂ ಬರಲ್ಲ, ಬರೀ ಮಾತು ಅಂದ್ರೆ, ಅದು ಈ ಚಿಕಿತ್ಸೆ ಅಲ್ಲ.